ಏನೂ ಅಲುಗಾಡದಿದ್ದರೂ ಔಟ್‌ಪುಟ್ ಮೇಲಕ್ಕೇರಿ ನಿಂತರೆ: ಇಂಟಿಗ್ರೇಟರ್, ಡಿಫರೆನ್ಷಿಯೇಟರ್ ದೋಷ ಹುಡುಕಿದ ಬಗೆ

ತೀರ್ಥಹಳ್ಳಿ ಕಡೆ ನನ್ನ ಅಕ್ಕನ ಮನೆ. ಭಾವನ ಅಡಿಕೆ ಸುಲಿಯುವ ಯಂತ್ರ ಹೋದ ಸುಗ್ಗಿಯಲ್ಲಿ ಜಾಸ್ತಿ ನಡುಗುತ್ತಿತ್ತು. ಬೇರಿಂಗ್ ಹೋಗಿದೆಯೋ, ಪುಲ್ಲಿ ಓರೆಯಾಗಿದೆಯೋ ಗೊತ್ತಾಗುತ್ತಿರಲಿಲ್ಲ. ಡಿಪ್ಲೊಮಾ ಓದುವ ಅಕ್ಕನ ಮಗ ನಡುಕ ಅಳೆಯಲು ಒಂದು ಪೆಟ್ಟಿಗೆ ಮಾಡಿದ. ಏಪ್ರಿಲ್‌ನಲ್ಲಿ ಅದನ್ನು ಶಿವಮೊಗ್ಗಕ್ಕೆ ತಂದು ನನ್ನ ಮೇಜಿನ ಮೇಲೆ ಇಟ್ಟ. "ಮಾವ, ಇದು ಏನೂ ಅಲುಗಾಡದಿದ್ರೂ ಹತ್ತೂವರೆ ವೋಲ್ಟ್ ತೋರಿಸುತ್ತೆ" ಅಂದ. ಆ ಪೆಟ್ಟಿಗೆಯನ್ನು ಸರಿಮಾಡಿದ ಕಥೆ ಇದು. ಇಂಟಿಗ್ರೇಟರ್ ಕಟ್ಟಿದವರೆಲ್ಲರೂ ಒಮ್ಮೆಯಾದರೂ ನೋಡುವ ದೋಷ, ಹಾಗಾಗಿ ಹೆಜ್ಜೆಗಳನ್ನು ಪೂರ್ತಿ ಬರೆಯುತ್ತೇನೆ.

ಪೆಟ್ಟಿಗೆಯಲ್ಲಿ ಏನಿತ್ತು

ಯಂತ್ರದ ಮೈಗೆ ಅಂಟಿಸುವುದು ಒಂದು ಜಿಯೋಫೋನ್. ಒಳಗೆ ಸ್ಪ್ರಿಂಗಿಗೆ ತೂಗುಹಾಕಿದ ಸುರುಳಿ, ಅದರ ನಡುವೆ ಅಯಸ್ಕಾಂತ. ಅದು ಕೊಡುವುದು ವೇಗಕ್ಕೆ ತಕ್ಕ ವೋಲ್ಟೇಜ್. ಇವನ ಬಳಿ ಇದ್ದದ್ದು 10 ಹರ್ಟ್ಜ್‌ನದು. ಸೆಕೆಂಡಿಗೆ ಒಂದು ಮಿಲಿಮೀಟರ್ ವೇಗಕ್ಕೆ ಸುಮಾರು 28 ಮಿಲಿವೋಲ್ಟ್ ಕೊಡುತ್ತದೆ, ಸುರುಳಿಯ ರೆಸಿಸ್ಟೆನ್ಸ್ 375 ಓಮ್.

ವೇಗವನ್ನು ಇಂಟಿಗ್ರೇಟ್ ಮಾಡಿದರೆ ಯಂತ್ರ ಎಷ್ಟು ದೂರ ಅಲುಗಿತು ಅನ್ನುವುದು ಸಿಗುತ್ತದೆ. ಆ ವೇಗವನ್ನೇ ಡಿಫರೆನ್ಷಿಯೇಟ್ ಮಾಡಿದರೆ ಹೊಡೆತದ ಬಲ, ಅಂದರೆ ವೇಗೋತ್ಕರ್ಷ ಸಿಗುತ್ತದೆ. ಪುಲ್ಲಿ ಓರೆಯಾಗಿದ್ದರೆ ಮೊದಲನೆಯದರಲ್ಲಿ ಗೊತ್ತಾಗುತ್ತದೆ, ಬೇರಿಂಗ್ ಕಟಕಟ ಅನ್ನುತ್ತಿದ್ದರೆ ಎರಡನೆಯದರಲ್ಲಿ. ಹುಡುಗನ ಯೋಚನೆ ಸರಿಯಾಗಿಯೇ ಇತ್ತು.

ಎರಡೂ ಸರ್ಕ್ಯೂಟ್ ಪುಸ್ತಕದಲ್ಲಿ ಇರುವ ಹಾಗೆಯೇ ಕಟ್ಟಿದ್ದ. ಇಂಟಿಗ್ರೇಟರ್‌ಗೆ ಇನ್‌ಪುಟ್‌ನಲ್ಲಿ 10 ಕಿಲೋ ಓಮ್, ಔಟ್‌ಪುಟ್‌ನಿಂದ ಮೈನಸ್ ಪಿನ್‌ಗೆ 0.1 ಮೈಕ್ರೋಫ್ಯಾರಡ್. ಡಿಫರೆನ್ಷಿಯೇಟರ್‌ನಲ್ಲಿ ಇದು ತಿರುಗುಮುರುಗು: ಇನ್‌ಪುಟ್‌ನಲ್ಲಿ 0.1 ಮೈಕ್ರೋಫ್ಯಾರಡ್, ಫೀಡ್‌ಬ್ಯಾಕ್‌ನಲ್ಲಿ 100 ಕಿಲೋ ಓಮ್. ಎರಡಕ್ಕೂ 741 ಅನ್ನುವ ಆಪ್-ಆಂಪ್ ಐಸಿ, ಸಪ್ಲೈ ಪ್ಲಸ್ ಮೈನಸ್ 12 ವೋಲ್ಟ್. ಪ್ಲಸ್ ಪಿನ್‌ಗಳು ನೇರ ಗ್ರೌಂಡಿಗೆ. ಪುಸ್ತಕದ ಚಿತ್ರದಲ್ಲಿ ಆಪ್-ಆಂಪ್ ದೋಷವೇ ಇಲ್ಲದ್ದು, ಬೋರ್ಡ್ ಮೇಲೆ ಇರುವುದು ಅಂಗಡಿಯಲ್ಲಿ ಕೊಂಡದ್ದು. ಎಡವಟ್ಟು ಆಗುವುದು ಅಲ್ಲೇ.

ಮೊದಲು ಒಂದು ತುಂಡು ತಂತಿ

ಔಟ್‌ಪುಟ್ 10.5 ವೋಲ್ಟ್‌ಗೆ ಅಂಟಿಕೊಂಡಿದೆ ಅಂದ ತಕ್ಷಣ ಐಸಿ ಬದಲಾಯಿಸಬೇಡಿ. ಇನ್‌ಪುಟ್ಟನ್ನು ಗ್ರೌಂಡಿಗೆ ಕಟ್ಟಿ. ಆಮೇಲೆ ಫೀಡ್‌ಬ್ಯಾಕ್ ಕೆಪಾಸಿಟರ್‌ನ ಎರಡು ಕಾಲುಗಳನ್ನು ತಂತಿಯಿಂದ ಸೇರಿಸಿ ಹಿಡಿಯಿರಿ. ಈಗ ಔಟ್‌ಪುಟ್ ಕೆಲವೇ ಮಿಲಿವೋಲ್ಟ್‌ಗೆ ಇಳಿಯಬೇಕು. ಇಳಿದರೆ ಐಸಿ ಬದುಕಿದೆ, ಸಪ್ಲೈ ಎರಡೂ ಇದೆ, ಬೆಸುಗೆಯೂ ಸರಿ ಇದೆ. ಇಳಿಯದಿದ್ದರೆ ಮೊದಲು 4ನೇ ಪಿನ್‌ನಲ್ಲಿ ಮೈನಸ್ 12 ಬಂದಿದೆಯಾ ನೋಡಿ. ಅದು ಬಾರದೆ ಇದ್ದಾಗಲೂ ಔಟ್‌ಪುಟ್ ಮೇಲೆಯೇ ನಿಂತಿರುತ್ತದೆ. ಎಷ್ಟೋ ಜನ ಔಟ್‌ಪುಟ್ ತಾನಾಗಿ ಸರಿಯುವ ಡ್ರಿಫ್ಟ್ ಅಂದುಕೊಂಡು ಹುಡುಕುವುದು ಕಿತ್ತುಹೋದ ಮೈನಸ್ ಸಪ್ಲೈ ತಂತಿಯನ್ನು.

ನಮ್ಮದು ಇಳಿಯಿತು. ತಂತಿ ತೆಗೆದ ಕೂಡಲೇ ಔಟ್‌ಪುಟ್ ಮೆಲ್ಲಗೆ ಏರಲು ಶುರುವಾಯಿತು. ನಾಲ್ಕು ಸೆಕೆಂಡ್ ಆಗುವುದರೊಳಗೆ ಮತ್ತೆ 10.5ಕ್ಕೆ ಹೋಗಿ ನಿಂತಿತು. ಅಂದರೆ ಇಂಟಿಗ್ರೇಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ! ಬೇಡದ ಯಾವುದೋ ಸಣ್ಣ ಡಿಸಿಯನ್ನು ಪ್ರಾಮಾಣಿಕವಾಗಿ ಕೂಡಿಸುತ್ತಾ ಕೂತಿದೆ, ಅಷ್ಟೇ. ಆ ಡಿಸಿ ಎಲ್ಲಿಂದ ಬರುತ್ತಿದೆ ಅನ್ನುವುದೇ ಪ್ರಶ್ನೆ.

ಏರುವ ವೇಗವೇ ಕಳ್ಳನನ್ನು ತೋರಿಸುತ್ತದೆ

ಮೂಲಗಳು ಮುಖ್ಯವಾಗಿ ಎರಡು. ಒಂದು, ಆಪ್-ಆಂಪ್‌ನ ಎರಡು ಇನ್‌ಪುಟ್‌ಗಳ ನಡುವೆ ಹುಟ್ಟಿನಿಂದಲೇ ಇರುವ ಆಫ್‌ಸೆಟ್ ವೋಲ್ಟೇಜ್. 741ರಲ್ಲಿ ಸಾಮಾನ್ಯವಾಗಿ ಒಂದೆರಡು ಮಿಲಿವೋಲ್ಟ್, ಕೆಟ್ಟ ಅದೃಷ್ಟ ಇದ್ದರೆ 6 ಮಿಲಿವೋಲ್ಟ್. ಎರಡು, ಇನ್‌ಪುಟ್ ಪಿನ್ ಒಳಗೆ ಹರಿಯುವ ಬಯಾಸ್ ಕರೆಂಟ್. 741ಕ್ಕೆ ಸಾಮಾನ್ಯವಾಗಿ 80 ನ್ಯಾನೋ ಆಂಪ್. ಎರಡೂ ಸೇರಿ ಔಟ್‌ಪುಟ್ ಏರುವ ವೇಗ ಹೀಗೆ:

```
dVo/dt = Vos/(R×C) + Ib/C
```

ಮೊದಲ ಭಾಗದಲ್ಲಿ R ಇದೆ, ಎರಡನೆಯದರಲ್ಲಿ ಇಲ್ಲ. ಇದೇ ನಮಗೆ ಬೇಕಾದ ಹಿಡಿಕೆ. 10 ಕಿಲೋ ಓಮ್ ರೆಸಿಸ್ಟರಿನ ಒಂದು ಕಾಲನ್ನು ಬೋರ್ಡಿನಿಂದ ಎತ್ತಿಬಿಟ್ಟರೆ R ಅನಂತ ಆದ ಹಾಗೆ. ಮೊದಲ ಭಾಗ ಹೊರಟುಹೋಗುತ್ತದೆ, ಬಯಾಸ್ ಕರೆಂಟಿನದು ಮಾತ್ರ ಉಳಿಯುತ್ತದೆ. ಕಾಲು ಗ್ರೌಂಡಿಗೆ ಇದ್ದಾಗ ಒಂದು ಸಲ, ಎತ್ತಿದಾಗ ಒಂದು ಸಲ ಅಳೆದು ಕಳೆದರೆ ಎರಡೂ ಬೇರೆಬೇರೆಯಾಗಿ ಸಿಗುತ್ತವೆ.

ಆದರೆ ನಾಲ್ಕು ಸೆಕೆಂಡಿನಲ್ಲಿ ಮುಗಿಯುವುದನ್ನು ಮಲ್ಟಿಮೀಟರ್‌ನಲ್ಲಿ ಅಳೆಯುವುದು ಕಷ್ಟ. ಹಾಗಾಗಿ ಪರೀಕ್ಷೆಗೆ ಮಾತ್ರ 0.1ರ ಜಾಗದಲ್ಲಿ 1 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್ ಹಾಕಿದೆ. ಎಲ್ಲವೂ ಹತ್ತು ಪಟ್ಟು ನಿಧಾನ. ತಂತಿ ತೆಗೆದು, ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಸೊನ್ನೆಯಿಂದ 5 ವೋಲ್ಟ್‌ಗೆ ಎಷ್ಟು ಹೊತ್ತು ಅಂತ ನೋಡಿದೆವು. ಕಾಲು ಗ್ರೌಂಡಿಗೆ ಇದ್ದಾಗ 18 ಸೆಕೆಂಡ್. ಎತ್ತಿದಾಗ 62 ಸೆಕೆಂಡ್.

ಲೆಕ್ಕ ಸುಲಭ. ಮೊದಲನೆಯದು ಸೆಕೆಂಡಿಗೆ 0.28 ವೋಲ್ಟ್, ಎರಡನೆಯದು 0.08. ಎರಡನೆಯದನ್ನು 1 ಮೈಕ್ರೋಫ್ಯಾರಡ್‌ನಿಂದ ಗುಣಿಸಿದರೆ ಬಯಾಸ್ ಕರೆಂಟ್ 80 ನ್ಯಾನೋ ಆಂಪ್. ಉಳಿದ 0.20ನ್ನು RC, ಅಂದರೆ 10 ಮಿಲಿಸೆಕೆಂಡ್‌ನಿಂದ ಗುಣಿಸಿದರೆ ಆಫ್‌ಸೆಟ್ 2 ಮಿಲಿವೋಲ್ಟ್. ಐಸಿಯಲ್ಲಿ ಏನೂ ದೋಷ ಇಲ್ಲ. 741 ಅಂದರೆ ಇಷ್ಟೇ.

ಅಳೆಯುವಾಗ ಮೀಟರ್ ಔಟ್‌ಪುಟ್ ಪಿನ್‌ಗೆ ಮಾತ್ರ ಮುಟ್ಟಬೇಕು. ಮೈನಸ್ ಪಿನ್‌ಗೆ ಪ್ರೋಬ್ ಇಟ್ಟರೆ ಮೀಟರೂ ಸರ್ಕ್ಯೂಟಿನ ಭಾಗವಾಗುತ್ತದೆ, ಲೆಕ್ಕ ಕೆಡುತ್ತದೆ. ಆಫ್‌ಸೆಟ್‌ಗೆ ಪ್ಲಸ್ಸೋ ಮೈನಸ್ಸೋ ಯಾವುದೂ ಆಗಬಹುದು. ಬಯಾಸ್‌ಗೆ ಹಾಗಲ್ಲ. 741ರ ಇನ್‌ಪುಟ್‌ನಲ್ಲಿ ಇರುವುದು ಎನ್‌ಪಿಎನ್ ಟ್ರಾನ್ಸಿಸ್ಟರ್, ಕರೆಂಟ್ ಯಾವಾಗಲೂ ಪಿನ್ ಒಳಗೇ ಹೋಗುತ್ತದೆ. ಆದ್ದರಿಂದ ಕಾಲು ಎತ್ತಿದಾಗ ಔಟ್‌ಪುಟ್ ಯಾವಾಗಲೂ ಮೇಲಕ್ಕೇ ಏರಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮಳೆಗಾಲದಲ್ಲಿ ಬೇಕಾಗುತ್ತದೆ.

ಪಾಟ್ ತಿರುಗಿಸಿದರೆ ಸಾಲದು

"1 ಮತ್ತು 5ನೇ ಪಿನ್ ನಡುವೆ 10 ಕಿಲೋ ಪಾಟ್ ಹಾಕಿ ಆಫ್‌ಸೆಟ್ ಸೊನ್ನೆ ಮಾಡಿದ್ರೆ ಆಯ್ತಲ್ವಾ ಮಾವ?" ಅಂತ ಕೇಳಿದ. ಹಾಕಿ ನೋಡು ಅಂದೆ. ಅರ್ಧ ಗಂಟೆ ಸ್ಕ್ರೂಡ್ರೈವರ್ ಹಿಡಿದು ಕೂತ. ಒಂದು ಹಂತದಲ್ಲಿ ಔಟ್‌ಪುಟ್ ನಿಂತಂತೆ ಕಂಡಿತು. ಟೀ ಕುಡಿದು ಬರುವಷ್ಟರಲ್ಲಿ ಮೈನಸ್ 10ಕ್ಕೆ ಹೋಗಿ ಕೂತಿತ್ತು.

ಯಾಕೆಂದರೆ ಬಿಸಿಯಾದಂತೆ ಆಫ್‌ಸೆಟ್ ಸರಿಯುತ್ತದೆ. ಹತ್ತು ಡಿಗ್ರಿ ಏರಿದಾಗ 0.1 ಮಿಲಿವೋಲ್ಟ್ ಸರಿದರೂ ಸಾಕು, ಮೂಲ ಕೆಪಾಸಿಟರ್‌ನೊಂದಿಗೆ ಸೆಕೆಂಡಿಗೆ 0.1 ವೋಲ್ಟ್. ಎರಡು ನಿಮಿಷದೊಳಗೆ ಔಟ್‌ಪುಟ್ ಮತ್ತೆ ಗೋಡೆಗೆ. ಭಾವನ ಕೊಟ್ಟಿಗೆಯಲ್ಲಿ ಅಡಿಕೆ ಬೇಯಿಸುವ ಒಲೆ ಹತ್ತು ಹೆಜ್ಜೆ ದೂರದಲ್ಲೇ ಇದೆ. ಬೆಳಗಿನ ಚಳಿಗೂ ಒಲೆ ಹೊತ್ತಿಸಿದ ಮೇಲಿನ ಬಿಸಿಗೂ ಹತ್ತು ಡಿಗ್ರಿ ಏನೂ ದೊಡ್ಡದಲ್ಲ. ಬರೀ ಇಂಟಿಗ್ರೇಟರ್‌ಗೆ ಡಿಸಿಯಲ್ಲಿ ಗೇನ್‌ಗೆ ಮಿತಿಯೇ ಇಲ್ಲ. ಎಷ್ಟು ಸಣ್ಣದು ಉಳಿಸಿದರೂ ಅದನ್ನು ಕೂಡಿಸಿ ಕೂಡಿಸಿ ಗೋಡೆ ಮುಟ್ಟಿಸುತ್ತದೆ. ಆ ಗೇನ್‌ಗೇ ಮಿತಿ ಹಾಕಬೇಕು.

ಕೆಪಾಸಿಟರ್ ಪಕ್ಕದಲ್ಲಿ ಒಂದು ರೆಸಿಸ್ಟರ್

ಮದ್ದು ಎಲ್ಲರಿಗೂ ಗೊತ್ತಿರುವುದೇ: ಫೀಡ್‌ಬ್ಯಾಕ್ ಕೆಪಾಸಿಟರ್‌ಗೆ ಸಮಾನಾಂತರವಾಗಿ ಒಂದು ದೊಡ್ಡ ರೆಸಿಸ್ಟರ್. ಕೆಪಾಸಿಟರಿನಲ್ಲಿ ಸೇರಿದ ಬೇಡದ ಚಾರ್ಜ್ ಅದರ ಮೂಲಕ ಮೆಲ್ಲಗೆ ಸೋರಿ ಹೋಗುತ್ತದೆ. ಡಿಸಿಗೆ ಈಗ ಇದು ಸಾಮಾನ್ಯ ಆಂಪ್ಲಿಫಯರ್. ಪ್ರಶ್ನೆ ಇರುವುದು ಎಷ್ಟು ದೊಡ್ಡದು ಅನ್ನುವುದರಲ್ಲಿ. ಹುಡುಗ ಪುಸ್ತಕದಲ್ಲಿ ನೋಡಿ 100 ಕಿಲೋ ಹಾಕೋಣ ಅಂದ. ನಾನು ಲೆಕ್ಕ ಹಾಕು ಅಂದೆ.

ಈ ರೆಸಿಸ್ಟರ್ ಹಾಕಿದ ಮೇಲೆ ಒಂದು ಗಡಿ ಫ್ರೀಕ್ವೆನ್ಸಿ ಹುಟ್ಟುತ್ತದೆ. ಅದಕ್ಕಿಂತ ಕೆಳಗೆ ಸರ್ಕ್ಯೂಟ್ ಇಂಟಿಗ್ರೇಟ್ ಮಾಡುವುದಿಲ್ಲ, ಸುಮ್ನೆ ದೊಡ್ಡದು ಮಾಡುತ್ತದೆ. ಗಡಿಗಿಂತ ಸಾಕಷ್ಟು ಮೇಲೆ ಮಾತ್ರ ಅದು ಇಂಟಿಗ್ರೇಟರ್.

```
fc = 1/(2π × Rf × C)
```

100 ಕಿಲೋ ಹಾಕಿದರೆ ಗಡಿ 15.9 ಹರ್ಟ್ಜ್. ಭಾವನ ಯಂತ್ರದ ಮೋಟರ್ ನಿಮಿಷಕ್ಕೆ 1440 ಸುತ್ತು, ಅಂದರೆ 24 ಹರ್ಟ್ಜ್. ಗಡಿಗೆ ತೀರಾ ಹತ್ತಿರ. ಓದು ಶೇಕಡಾ 17ರಷ್ಟು ಕಡಿಮೆ ಬರುತ್ತದೆ. ಇನ್ನೊಂದು ಕಡೆ 1 ಮೆಗಾ ಓಮ್ ಹಾಕಿದರೆ ಗಡಿ 1.6 ಹರ್ಟ್ಜ್, ಓದು ಬಹಳ ನಿಖರ. ಆದರೆ ಡಿಸಿ ಗೇನ್ 100 ಆಗುತ್ತದೆ. 2 ಮಿಲಿವೋಲ್ಟ್ ಆಫ್‌ಸೆಟ್ ಔಟ್‌ಪುಟ್‌ನಲ್ಲಿ 0.2 ವೋಲ್ಟ್, ಬಯಾಸ್‌ನದು ಇನ್ನೊಂದು 0.08. ಅದೂ ಅಲ್ಲದೆ ಮಣ್ಣಿನ ನೆಲದ ಮೇಲೆ ಯಾರಾದರೂ ನಡೆದಾಡಿದರೂ ಓದು ತೂಗಾಡುತ್ತದೆ. ಕೆಳಗಿನ ಫ್ರೀಕ್ವೆನ್ಸಿಗಳನ್ನೇ ಇಂಟಿಗ್ರೇಟರ್ ಹೆಚ್ಚು ದೊಡ್ಡದು ಮಾಡುವುದಲ್ವಾ?

ಇಲ್ಲಿ ಜಿಯೋಫೋನ್ ನಮಗೆ ದಾರಿ ತೋರಿಸಿತು. ಅದೇ 10 ಹರ್ಟ್ಜ್‌ಗಿಂತ ಕೆಳಗೆ ಕಿವುಡಾಗುತ್ತಾ ಹೋಗುತ್ತದೆ. ಅದಕ್ಕೆ ಕೇಳಿಸದ್ದನ್ನು ನಾವು ಯಾಕೆ ಇಂಟಿಗ್ರೇಟ್ ಮಾಡಬೇಕು? 470 ಕಿಲೋ ಹಾಕಿದೆವು. ಗಡಿ 3.4 ಹರ್ಟ್ಜ್. 24 ಹರ್ಟ್ಜ್‌ನಲ್ಲಿ ಓದು ಶೇಕಡಾ 1 ಕಡಿಮೆ. ಫೇಸ್ ಎಂಟು ಡಿಗ್ರಿ ತಪ್ಪುತ್ತದೆ, ಆದರೆ ನಮಗೆ ಬೇಕಾದ್ದು ನಡುಕದ ಅಳತೆ ಮಾತ್ರ, ಅದರಿಂದ ತೊಂದರೆ ಇಲ್ಲ. ಫೇಸ್ ಮುಖ್ಯವಾದ ಕೆಲಸವಾಗಿದ್ದರೆ, ಉದಾಹರಣೆಗೆ ಪವರ್ ಅಳೆಯುವಲ್ಲಿ, ನಾನು ಹೀಗೆ ಮಾಡುತ್ತಿರಲಿಲ್ಲ. ಗಡಿಯನ್ನು ಕೆಲಸದ ಫ್ರೀಕ್ವೆನ್ಸಿಗಿಂತ ಹತ್ತು ಪಟ್ಟು ಕೆಳಗೆ ಇಟ್ಟರೂ ಸುಮಾರು ಆರು ಡಿಗ್ರಿ ತಪ್ಪು ಉಳಿಯುತ್ತದೆ.

ಪ್ಲಸ್ ಪಿನ್ನನ್ನು ನೇರ ಗ್ರೌಂಡಿಗೆ ಕಟ್ಟುವ ಬದಲು 10 ಕಿಲೋ ಓಮ್ ಮೂಲಕ ಕಟ್ಟಿದೆವು. 10 ಕಿಲೋ ಮತ್ತು 470 ಕಿಲೋ ಸಮಾನಾಂತರವಾಗಿ 9.8 ಕಿಲೋ, ಅದಕ್ಕೆ ಹತ್ತಿರದ್ದು ಇದು. ಎರಡೂ ಪಿನ್‌ಗಳ ಬಯಾಸ್ ಕರೆಂಟ್ ಒಂದೇ ಅಳತೆಯ ರೆಸಿಸ್ಟೆನ್ಸ್ ನೋಡಿದರೆ ಅವುಗಳ ಪರಿಣಾಮ ಬಹುಪಾಲು ಹೊಡೆದುಹೋಗುತ್ತದೆ. ಉಳಿಯುವುದು ಎರಡು ಪಿನ್‌ಗಳ ನಡುವಿನ ವ್ಯತ್ಯಾಸ ಮಾತ್ರ, 741ರಲ್ಲಿ ಸುಮಾರು 20 ನ್ಯಾನೋ ಆಂಪ್.

ಇಷ್ಟಾದ ಮೇಲೆ ಔಟ್‌ಪುಟ್ 0.1 ವೋಲ್ಟ್ ಸುತ್ತಮುತ್ತ ಬಂದು ನಿಂತಿತು. ಅಲ್ಲಿಂದ ಕದಲಲಿಲ್ಲ. ಉಳಿದದ್ದು ಹೆಚ್ಚೂಕಡಿಮೆ ಆಫ್‌ಸೆಟ್‌ನ ಕೊಡುಗೆ. 741 ಕಿತ್ತು ಓಪಿ07 ಹಾಕಿದೆವು, ಅದು ಮೂರು ಮಿಲಿವೋಲ್ಟ್‌ಗೆ ಇಳಿಯಿತು. ಓಪಿ07ರ ಆಫ್‌ಸೆಟ್ ಸಾಮಾನ್ಯವಾಗಿ 60 ಮೈಕ್ರೋವೋಲ್ಟ್ ಅಷ್ಟೇ. ಅದಕ್ಕೆ ವೇಗ ಕಡಿಮೆ, ಆದರೆ 24 ಹರ್ಟ್ಜ್‌ಗೆ ವೇಗ ಯಾರಿಗೆ ಬೇಕು.

ಬದಲಾಯಿಸುವಾಗ ಒಂದು ಗುಂಡಿ ಇದೆ, ಬೀಳಬೇಡಿ. 741ರಲ್ಲಿ ಆಫ್‌ಸೆಟ್ ಪಾಟ್ 1 ಮತ್ತು 5ನೇ ಪಿನ್‌ಗೆ, ನಡುಕಾಲು ಮೈನಸ್ ಸಪ್ಲೈಗೆ. ಓಪಿ07ರಲ್ಲಿ 1 ಮತ್ತು 8ಕ್ಕೆ, ನಡುಕಾಲು ಪ್ಲಸ್ ಸಪ್ಲೈಗೆ. ಹಳೆಯ ಪಾಟ್ ಹಾಗೇ ಬಿಟ್ಟು ಹೊಸ ಐಸಿ ಕೂರಿಸಿದರೆ ಆಫ್‌ಸೆಟ್ ಕಡಿಮೆಯಾಗುವ ಬದಲು ಅಡ್ಡಾದಿಡ್ಡಿ ಆಗುತ್ತದೆ. ಮೊದಲು ಪಾಟ್ ಬಿಚ್ಚಿ. ಇನ್ನೊಂದು, ಓಪಿ07 ತನ್ನ ಬಯಾಸ್ ಕರೆಂಟನ್ನು ಒಳಗೇ ಹೊಡೆದುಹಾಕಿಕೊಳ್ಳುತ್ತದೆ. ಉಳಿದ ಒಂದೆರಡು ನ್ಯಾನೋ ಆಂಪ್ ಯಾವ ದಿಕ್ಕಿಗಾದರೂ ಇರಬಹುದು. ಹಾಗಾಗಿ ಪ್ಲಸ್ ಪಿನ್‌ನ 10 ಕಿಲೋದಿಂದ ಅದಕ್ಕೆ ಲಾಭ ಏನೂ ಇಲ್ಲ. ಇದ್ದರೆ ಇರಲಿ ಅಂತ ಬಿಟ್ಟೆವು.

ಆಗಸ್ಟಿನಲ್ಲಿ ಮತ್ತೆ ಬಂತು

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಸುಗ್ಗಿಗೆ ಮುಂಚೆ ಒಮ್ಮೆ ನೋಡೋಣ ಅಂತ ಹುಡುಗ ಆಗಸ್ಟಿನಲ್ಲಿ ಇನ್ನೊಂದು ಪೆಟ್ಟಿಗೆ ಕಟ್ಟಿದ. ಅದನ್ನು ಊರಿನ ಮನೆಯಲ್ಲೇ ಕಟ್ಟಿದ್ದು. ಓಪಿ07 ಸಿಗಲಿಲ್ಲ, 741 ಹಾಕಿದ. ಔಟ್‌ಪುಟ್ ಅಲ್ಲಿ ಇಲ್ಲಿ ಅಲೆಯುತ್ತದೆ, ಬೆಳಿಗ್ಗೆ ಒಂದು ಓದು, ಸಂಜೆ ಒಂದು ಓದು ಅಂತ ಫೋನ್ ಮಾಡಿದ.

ಆ ಹೊತ್ತಿಗೆ ಅಲ್ಲಿ ವಾರದಿಂದ ಬಿಡದೆ ಮಳೆ. ಬಟ್ಟೆ ಒಣಗದ, ಉಪ್ಪಿನ ಭರಣಿಯಲ್ಲಿ ನೀರು ಒಸರುವ ಕಾಲ. ನಾನು ಫೋನಿನಲ್ಲೇ ಹಳೆಯ ಪರೀಕ್ಷೆ ಮಾಡಿಸಿದೆ. 470 ಕಿಲೋ ತೆಗೆ, 1 ಮೈಕ್ರೋಫ್ಯಾರಡ್ ಹಾಕು, 10 ಕಿಲೋದ ಕಾಲು ಎತ್ತು, ತಂತಿ ತೆಗೆ.

"ಮಾವ, ಇದು ಕೆಳಗೆ ಇಳೀತಿದೆ. ಮೈನಸ್ ಐದಕ್ಕೆ ಎಂಬತ್ಮೂರು ಸೆಕೆಂಡು."

ಇಲ್ಲೇ ದಿಕ್ಕು ಉಪಯೋಗಕ್ಕೆ ಬಂದದ್ದು. 741ರ ಬಯಾಸ್ ಔಟ್‌ಪುಟ್ಟನ್ನು ಕೆಳಗೆ ಇಳಿಸಲು ಸಾಧ್ಯವೇ ಇಲ್ಲ. ಕೆಳಗೆ ಇಳಿಯಬೇಕಾದರೆ ಎಲ್ಲಿಂದಲೋ ಮೈನಸ್ ಪಿನ್‌ಗೆ ಕರೆಂಟ್ ಒಳಬರುತ್ತಿರಬೇಕು. ರೆಸಿಸ್ಟರಿನ ಕಾಲು ಎತ್ತಿದೆ, ಉಳಿದದ್ದು ಬೋರ್ಡಿನ ಮೈ. ಪ್ಲಸ್ 12ರ ಗೆರೆಯಿಂದ ಮೈನಸ್ ಪಿನ್ ಆದ 2ನೇ ಪಿನ್‌ಗೆ ತೇವದ ಮೂಲಕ ಸೋರಿಕೆ.

ಎಷ್ಟು ಸೋರಿಕೆ ಅಂತಲೂ ಹೇಳಬಹುದು. ಸೆಕೆಂಡಿಗೆ 0.06 ವೋಲ್ಟ್ ಇಳಿಯುತ್ತಿದೆ, ಅಂದರೆ ನಿವ್ವಳ 60 ನ್ಯಾನೋ ಆಂಪ್. ಬಯಾಸ್ ಸುಮಾರು 80 ನ್ಯಾನೋ ಆಂಪ್ ಮೇಲಕ್ಕೆ ಎಳೆಯುತ್ತಿರುವಾಗಲೂ ಇಷ್ಟು ಇಳಿಯಬೇಕಾದರೆ ಸೋರಿಕೆ 140 ನ್ಯಾನೋ ಆಂಪ್. 12 ವೋಲ್ಟನ್ನು ಅದರಿಂದ ಭಾಗಿಸಿದರೆ 86 ಮೆಗಾ ಓಮ್. ಮಲ್ಟಿಮೀಟರ್ ಹಿಡಿದರೆ ಓಪನ್ ಅನ್ನುತ್ತದೆ. ಇಂಟಿಗ್ರೇಟರ್‌ಗೆ ಮಾತ್ರ ಅದು ಹೆಬ್ಬಾಗಿಲು. ಇನ್ನೊಂದು ವಿಷಯ: ಸೋರಿಕೆ ಮೈನಸ್ 12ರ ಕಡೆಯಿಂದ ಬಂದಿದ್ದರೆ ಔಟ್‌ಪುಟ್ ಮೇಲಕ್ಕೇ ಓಡುತ್ತಿತ್ತು, ಬಯಾಸ್ ಜೊತೆ ಸೇರಿಹೋಗುತ್ತಿತ್ತು, ಇಷ್ಟು ಸುಲಭವಾಗಿ ಸಿಕ್ಕಿಬೀಳುತ್ತಿರಲಿಲ್ಲ. ಅಂಥ ಕಡೆ ಅಳತೆ 80ರ ಬದಲು ಇನ್ನೂರು ಮುನ್ನೂರು ಬಂದರೆ ಅನುಮಾನ ಪಡಬೇಕು.

ಖಚಿತ ಮಾಡಿಕೊಳ್ಳಲು ಬೋರ್ಡಿನ ಮೇಲೆ ಬಾಯಿಂದ ಉಸಿರು ಬಿಡು ಅಂದೆ. ಇಳಿಯುವ ವೇಗ ಹೆಚ್ಚಾಯಿತು. ಟೇಬಲ್ ಲ್ಯಾಂಪಿನ ಬಲ್ಬ್ ಹತ್ತಿರ ಹಿಡಿ ಅಂದೆ. ನಿಂತಿತು, ಆಮೇಲೆ ನಿಧಾನಕ್ಕೆ ಮೇಲಕ್ಕೆ ಏರತೊಡಗಿತು. ಇನ್ನು ಅನುಮಾನ ಇಲ್ಲ. ಅಂಗೈ ಅಗಲದ ಬೋರ್ಡಿನ ಹಿಂದೆ ಕಂದು ಬಣ್ಣದ ಫ್ಲಕ್ಸ್ ಹಾಗೇ ಬಿಟ್ಟಿದ್ದ. ಕೆಲವು ಫ್ಲಕ್ಸ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಗೊತ್ತೇ ಆಗುವುದಿಲ್ಲ.

ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಎರಡು ಸಲ ತಿಕ್ಕಿ ತೊಳೆದ. ಬಲ್ಬಿನ ಕೆಳಗೆ ಒಂದು ಗಂಟೆ ಒಣಗಿಸಿದ. ಮತ್ತೆ ಅಳೆದಾಗ ಮೇಲಕ್ಕೆ, 5 ವೋಲ್ಟ್‌ಗೆ 60 ಸೆಕೆಂಡಿನ ಆಸುಪಾಸು. ಒಣಗಿದ ಕೂಡಲೇ ಬೋರ್ಡಿಗೆ ತೆಳುವಾಗಿ ಸ್ಪ್ರೇ ಲ್ಯಾಕರ್ ಹೊಡೆದ. ತೇವ ಇರುವಾಗಲೇ ಹೊಡೆದರೆ ತೇವವನ್ನೇ ಒಳಗೆ ಕೂಡಿಹಾಕಿದ ಹಾಗೆ. ಹೊಸ ಬೋರ್ಡ್ ಮಾಡುವವರು 2ನೇ ಪಿನ್ ಸುತ್ತ ಗ್ರೌಂಡಿಗೆ ಸೇರಿದ ಒಂದು ತಾಮ್ರದ ಉಂಗುರ ಬಿಡಿ. 12 ವೋಲ್ಟ್ ಕಡೆಯಿಂದ ಸೋರಿದ್ದು ಆ ಉಂಗುರಕ್ಕೇ ಸಿಕ್ಕಿ ಹೋಗುತ್ತದೆ. ಪಿನ್‌ಗೂ ಉಂಗುರಕ್ಕೂ ವೋಲ್ಟೇಜ್ ವ್ಯತ್ಯಾಸವೇ ಇಲ್ಲವಾದ್ದರಿಂದ ಅಲ್ಲಿಂದ ಒಳಗೆ ಹೋಗಲು ತಳ್ಳುವವರಿಲ್ಲ.

ಇದೇ ಕಾರಣಕ್ಕೆ ಮಲೆನಾಡಿನಲ್ಲಿ ಫೀಡ್‌ಬ್ಯಾಕ್ ರೆಸಿಸ್ಟರನ್ನು 10 ಮೆಗಾ, 22 ಮೆಗಾ ಅಂತ ಏರಿಸುವುದು ನನಗೆ ಇಷ್ಟವಿಲ್ಲ. ಬೋರ್ಡಿನ ಸೋರಿಕೆ ಅದರ ಅಳತೆಗೇ ಹತ್ತಿರ ಬರುತ್ತದೆ. ಇನ್ನೂ ಕೆಳಗಿನ ಗಡಿ ಬೇಕಿದ್ದರೆ ದೊಡ್ಡ ಕೆಪಾಸಿಟರ್ ಹಾಕಿ. ಅದೂ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್. ಎಲೆಕ್ಟ್ರೊಲಿಟಿಕ್ ಸೋರುತ್ತದೆ. ಡಿಸ್ಕ್ ಸೆರಾಮಿಕ್ ಬೇರೆ ರೀತಿ ಮೋಸ ಮಾಡುತ್ತದೆ: ಅದರಲ್ಲಿ ಎಷ್ಟೋ ಬಗೆಗಳು ಅಲುಗಾಡಿಸಿದರೆ ತಾವೇ ವೋಲ್ಟೇಜ್ ಹುಟ್ಟಿಸುತ್ತವೆ. ನಡುಕ ಅಳೆಯುವ ಪೆಟ್ಟಿಗೆಯಲ್ಲಿ ಅದನ್ನು ಹಾಕಿದರೆ ಯಾರ ನಡುಕ ಅಳೆಯುತ್ತಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಡಿಫರೆನ್ಷಿಯೇಟರ್‌ನ ರೋಗ ಉಲ್ಟಾ

ಇಂಟಿಗ್ರೇಟರ್ ಡಿಸಿಗೆ ಹೆದರಿದರೆ ಇದು ಮೇಲಿನ ಫ್ರೀಕ್ವೆನ್ಸಿಗೆ ಹೆದರುತ್ತದೆ. ಡ್ರಿಫ್ಟ್ ಇಲ್ಲ, ಆಫ್‌ಸೆಟ್‌ಗೆ ಗೇನ್ ಬರೀ ಒಂದು. ಆದರೆ ಫ್ರೀಕ್ವೆನ್ಸಿ ಹತ್ತು ಪಟ್ಟಾದರೆ ಗೇನೂ ಹತ್ತು ಪಟ್ಟು. ನಮ್ಮ ಸರ್ಕ್ಯೂಟಿನಲ್ಲಿ RC 10 ಮಿಲಿಸೆಕೆಂಡ್, 24 ಹರ್ಟ್ಜ್‌ನಲ್ಲಿ ಗೇನ್ 1.5. ಯಂತ್ರ ಸೆಕೆಂಡಿಗೆ 5 ಮಿಲಿಮೀಟರ್ ವೇಗದಲ್ಲಿ ನಡುಗಿದರೆ ಜಿಯೋಫೋನ್ 140 ಮಿಲಿವೋಲ್ಟ್ ಕೊಡುತ್ತದೆ, ಔಟ್‌ಪುಟ್ 210. ಅದೇ ಹೊತ್ತಿಗೆ ಕೇಬಲ್‌ನಲ್ಲಿ 3 ಕಿಲೋಹರ್ಟ್ಜ್‌ನ ಒಂದೇ ಒಂದು ಮಿಲಿವೋಲ್ಟ್ ಕಸ ಬಂದರೆ ಗೇನ್ ಲೆಕ್ಕದಲ್ಲಿ 188. ಅಂದರೆ ಕಸವೂ 188 ಮಿಲಿವೋಲ್ಟ್! ಆಸಿಲೊಸ್ಕೋಪಿನಲ್ಲಿ ಹುಡುಗ ತೋರಿಸಿದ ಗೆರೆ ಕಂಬಳಿಹುಳದ ಹಾಗೆ ಮೈತುಂಬಾ ರೋಮ ಎದ್ದಂತಿತ್ತು.

ಕಸದ ಜೊತೆಗೆ ಇನ್ನೊಂದು ವಿಚಿತ್ರ ಇತ್ತು. ಪರೀಕ್ಷೆಗೆ ಫಂಕ್ಷನ್ ಜನರೇಟರಿನಿಂದ 50 ಹರ್ಟ್ಜ್‌ನ ತ್ರಿಕೋನ ಅಲೆ ಕೊಟ್ಟೆವು, ತುದಿಯಿಂದ ತುದಿಗೆ 0.2 ವೋಲ್ಟ್. ತ್ರಿಕೋನವನ್ನು ಡಿಫರೆನ್ಷಿಯೇಟ್ ಮಾಡಿದರೆ ಚೌಕ ಅಲೆ ಬರಬೇಕು, ಪ್ಲಸ್ ಮೈನಸ್ 0.2 ವೋಲ್ಟ್. ಬಂತು. ಆದರೆ ಪ್ರತಿ ಅಂಚಿನ ಮೇಲೆ ಎಂಟು ಹತ್ತು ಸಣ್ಣ ಅಲೆಗಳು, ಗಂಟೆ ಹೊಡೆದ ಮೇಲೆ ಗುಂಯ್ ಅನ್ನುವ ಹಾಗೆ. ಅಳೆದರೆ ಸುಮಾರು 4 ಕಿಲೋಹರ್ಟ್ಜ್. ಜನರೇಟರ್ ಬಿಚ್ಚಿ ಜಿಯೋಫೋನ್ ಹಾಕಿ ಬೆರಳಿನಿಂದ ತಟ್ಟಿದರೆ ಆ ಗುಂಯ್ ಬಹುತೇಕ ಇಲ್ಲ!

"ಹಾಗಾದ್ರೆ ಜನರೇಟರ್‌ದೇ ದೋಷ" ಅಂದ ಹುಡುಗ. ಅಲ್ಲ. ಆ ಫ್ರೀಕ್ವೆನ್ಸಿಯೇ ಗುಟ್ಟು ಬಿಡುತ್ತದೆ. ಡಿಫರೆನ್ಷಿಯೇಟರಿನ ಗೇನ್ ಏರುತ್ತಾ ಹೋಗುತ್ತದೆ, 741ರ ಸ್ವಂತ ಗೇನ್ ಇಳಿಯುತ್ತಾ ಬರುತ್ತದೆ. ಎರಡೂ ಸಂಧಿಸುವ ಕಡೆ ಫೀಡ್‌ಬ್ಯಾಕ್ ಸುಮಾರು 180 ಡಿಗ್ರಿ ತಡವಾಗಿ ಬಂದು, ತಡೆಯುವ ಬದಲು ತಳ್ಳತೊಡಗುತ್ತದೆ. ನಮ್ಮ ಸರ್ಕ್ಯೂಟಿನ ಗೇನ್ ಒಂದಾಗುವುದು 15.9 ಹರ್ಟ್ಜ್‌ನಲ್ಲಿ, 741ದು ಒಂದಾಗುವುದು ಸುಮಾರು 1 ಮೆಗಾಹರ್ಟ್ಜ್‌ನಲ್ಲಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 4 ಕಿಲೋಹರ್ಟ್ಜ್. ಸ್ಕೋಪಿನಲ್ಲಿ ಕಂಡದ್ದೂ ಅದೇ. ಈ ಲೆಕ್ಕಕ್ಕೆ ಹತ್ತಿರ ಬಂದರೆ ಗುಂಯ್ ಸರ್ಕ್ಯೂಟಿನದ್ದೇ, ಹೊರಗಿನ ಕಸ ಅಲ್ಲ.

ಜಿಯೋಫೋನ್ ಹಾಕಿದಾಗ ಯಾಕೆ ನಿಂತಿತು? ಅದರ ಸುರುಳಿಯ 375 ಓಮ್ ಕೆಪಾಸಿಟರ್ ಜೊತೆ ಸರಣಿಯಲ್ಲಿ ಸೇರಿತು. ಜನರೇಟರಿನದು ಬರೀ 50 ಓಮ್. ಮೇಲಿನ ಫ್ರೀಕ್ವೆನ್ಸಿಯಲ್ಲಿ ಕೆಪಾಸಿಟರ್ ತಂತಿಯ ತುಂಡಿನಂತಾದಾಗ ಈ ರೆಸಿಸ್ಟೆನ್ಸ್ ಗೇನ್‌ಗೆ ಮಿತಿ ಹಾಕುತ್ತದೆ, ಫೇಸನ್ನೂ ವಾಪಸ್ ತರುತ್ತದೆ. ಮದ್ದು ಸೆನ್ಸರಿನಲ್ಲೇ ಅರ್ಧ ಇತ್ತು. ಪೂರ್ತಿ ನಾವು ಹಾಕಿದೆವು: ಕೆಪಾಸಿಟರ್‌ಗೆ ಸರಣಿಯಲ್ಲಿ 1 ಕಿಲೋ ಓಮ್. ಈಗ ಗೇನ್ 100ಕ್ಕಿಂತ ಮೇಲೆ ಹೋಗುವಂತಿಲ್ಲ.

ಅಷ್ಟೇ ಆದರೆ ಗೇನ್ 100ರಲ್ಲಿ ಹಾಗೇ ನಿಲ್ಲುತ್ತದೆ, ಕಸ ಇನ್ನೂ ಬರುತ್ತದೆ. ಅದನ್ನು ಇಳಿಸಲು 100 ಕಿಲೋದ ಮೇಲೆ ಸಮಾನಾಂತರವಾಗಿ 1 ನ್ಯಾನೋಫ್ಯಾರಡ್. ಎರಡೂ ಜೋಡಿಗಳ ಗುಣಲಬ್ಧ ಒಂದೇ ಇರುವಂತೆ ಆರಿಸಿದ್ದು:

```
Rs × C = Rf × Cf
1k × 0.1µF = 100k × 1nF = 0.1 ms
```

ಇದರಿಂದ 1.6 ಕಿಲೋಹರ್ಟ್ಜ್‌ವರೆಗೆ ಗೇನ್ ಏರಿ ಆಮೇಲೆ ಇಳಿಯುತ್ತದೆ. ಮೊದಲು ಹೇಳಿದ 3 ಕಿಲೋಹರ್ಟ್ಜ್‌ನ ಕಸ 188ರಿಂದ 41 ಮಿಲಿವೋಲ್ಟ್‌ಗೆ ಬಂತು, 24 ಹರ್ಟ್ಜ್‌ನ 210 ಹಾಗೇ ಉಳಿಯಿತು. ಜನರೇಟರ್ ಮತ್ತೆ ಕಟ್ಟಿದಾಗ ಚೌಕ ಅಲೆಯ ಅಂಚು ಸ್ವಲ್ಪ ದುಂಡಾಗಿತ್ತು, ಗುಂಯ್ ಹೋಗಿತ್ತು.

ಇದಕ್ಕೆ ಬೆಲೆ ತೆರಬೇಕು. ಸರಿಯಾಗಿ ಡಿಫರೆನ್ಷಿಯೇಟ್ ಆಗುವುದು ಗಡಿಯ ಹತ್ತನೇ ಒಂದು ಭಾಗದವರೆಗೆ, ಅಂದರೆ ಸುಮಾರು 160 ಹರ್ಟ್ಜ್. ಅದರ ಮೇಲಿನ ಬೇರಿಂಗ್ ಸದ್ದು ಕಾಣುತ್ತದೆ, ಅಳತೆ ಮಾತ್ರ ಕಡಿಮೆ ಬರುತ್ತದೆ. ಬೇರಿಂಗ್ ಹೋಗಿದೆಯಾ ಇಲ್ಲವಾ ಅನ್ನಲು ಇಷ್ಟು ಸಾಕು. ಇನ್ನೂ ಮೇಲೆ ನಿಖರವಾಗಿ ಬೇಕಿದ್ದವರು 741 ಬಿಟ್ಟು ವೇಗದ ಆಪ್-ಆಂಪ್ ಹಿಡಿಯಬೇಕು. ಅದಕ್ಕಿಂತ ನೇರವಾಗಿ ವೇಗೋತ್ಕರ್ಷವನ್ನೇ ಅಳೆಯುವ ಸೆನ್ಸರ್ ಕೊಳ್ಳುವುದು ಮೇಲು ಅಂತ ನನ್ನ ಅನಿಸಿಕೆ.

ಕೊಟ್ಟಿಗೆಯಲ್ಲಿ

ಸುಗ್ಗಿ ಶುರುವಾದಾಗ ಓಪಿ07 ಹಾಕಿದ ಮೊದಲ ಪೆಟ್ಟಿಗೆಯನ್ನೇ ಯಂತ್ರಕ್ಕೆ ಕಟ್ಟಿದೆವು. ಮೋಟರ್ ನಿಂತಿರುವಾಗ ಇಂಟಿಗ್ರೇಟರ್ 3 ಮಿಲಿವೋಲ್ಟ್. ಓಡಿಸಿದಾಗ ಗರಿಷ್ಠ 0.9 ವೋಲ್ಟ್. ಈ ಸರ್ಕ್ಯೂಟಿನಲ್ಲಿ ಒಂದು ಮೈಕ್ರಾನ್‌ಗೆ 28 ಮಿಲಿವೋಲ್ಟ್, ಹಾಗಾಗಿ ನಡುಕ ಸುಮಾರು 32 ಮೈಕ್ರಾನ್. ಸುರುಳಿಯ 375 ಓಮ್ 10 ಕಿಲೋಗೆ ಸೇರುವುದರಿಂದ ಇದು ಶೇಕಡಾ ಮೂರು ನಾಲ್ಕು ಕಡಿಮೆ ತೋರಿಸುತ್ತದೆ, ಆ ಪಾಲು ಸೇರಿಸಿಕೊಂಡು ಓದಬೇಕು. ಡಿಫರೆನ್ಷಿಯೇಟರ್ 0.2 ವೋಲ್ಟ್, ಗೆರೆ ನಯವಾಗಿತ್ತು. ಬೇರಿಂಗ್ ಚೆನ್ನಾಗಿದೆ, ಪುಲ್ಲಿ ನೋಡಿ ಭಾವ ಅಂದೆ.

ಒಂದು ಸಮಸ್ಯೆ ಉಳಿದಿತ್ತು. ಸ್ಟಾರ್ಟರ್ ಒತ್ತಿದಾಗಲೆಲ್ಲ ಡಿಫರೆನ್ಷಿಯೇಟರ್‌ನಲ್ಲಿ ಒಂದು ಎತ್ತರದ ಮುಳ್ಳು. ರೆಸಿಸ್ಟರ್ ಬದಲಾಯಿಸಿ ಅದನ್ನು ಅಡಗಿಸಲು ಹೋಗಲಿಲ್ಲ. ಕೇಬಲ್ ನೋಡಿದರೆ ಶೀಲ್ಡ್ ಜಾಲರಿ ಪೆಟ್ಟಿಗೆಯ ಕಡೆಯೂ ಗ್ರೌಂಡ್, ಯಂತ್ರದ ಕಬ್ಬಿಣಕ್ಕೂ ತಾಗಿತ್ತು. ಯಂತ್ರದ ಕಡೆ ಬಿಡಿಸಿ ಇನ್ಸುಲೇಷನ್ ಟೇಪ್ ಸುತ್ತಿದ ಮೇಲೆ ಮುಳ್ಳು ಕಾಲು ಭಾಗಕ್ಕೆ ಇಳಿಯಿತು.